ಗಡಿಯಾರ ನೋಡಿ, ಬೀಗದ ಕೈ ಹುಡುಕಬೇಡಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಪಾಲಕರು ಮತ್ತು ಶಿಕ್ಷಕರ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಯ ನೆನಪುಗಳನ್ನು ಹೇಳಲು ನನಗಿಂತ ಚೆನ್ನಾಗಿ ಮಾತನಾಡುವವರು ಇಲ್ಲಿ ಬಹಳ ಜನ ಇದ್ದಾರೆ. ನಾನು ಮಕ್ಕಳ ವೈದ್ಯ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮಕ್ಕಳನ್ನೇ ದಿನವೂ ನೋಡುವವನು. ಹಾಗಾಗಿ ನನ್ನ ಪಾಲಿನ ಅರ್ಧ ಗಂಟೆಯನ್ನು ಒಂದೇ ವಿಷಯಕ್ಕೆ ಕೊಡುತ್ತೇನೆ. ನಾವು ಮೂರ್ಛೆ ರೋಗ, ಫಿಟ್ಸ್ ಎನ್ನುತ್ತೇವಲ್ಲ, ಅದು ಶಾಲೆಯಲ್ಲಿ ಒಂದು ಮಗುವಿಗೆ ಬಂದಾಗ ಏನು ಮಾಡಬೇಕು ಎಂಬುದು.

ಕಂಪ್ಲಿ ಕಡೆಯ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಹುಡುಗಿಯ ಹೆಸರೂ ಬೇಡ, ಊರೂ ಬೇಡ. ಎಂಟನೇ ತರಗತಿ. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಹುಡುಗಿ ಒಮ್ಮೆ ಚೀರಿ, ಕಟ್ಟಿಗೆಯಂತೆ ಸೆಟೆದು ನೆಲಕ್ಕೆ ಬಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ತುಟಿ ನೀಲಿಯಾದವು. ಇಪ್ಪತ್ತು ಸೆಕೆಂಡು ಕಳೆದ ಮೇಲೆ ಕೈಕಾಲು ಜೋರಾಗಿ ಅದುರತೊಡಗಿದವು, ಬಾಯಲ್ಲಿ ನೊರೆ ಬಂತು, ಲಂಗ ಒದ್ದೆಯಾಯಿತು. ಮೂವರು ಓಡಿ ಬಂದರು. ಒಬ್ಬರ ಕೈಯಲ್ಲಿ ಆಫೀಸಿನ ಬೀಗದ ಕೈ ಗೊಂಚಲು, ಇನ್ನೊಬ್ಬರ ಕೈಯಲ್ಲಿ ಬಿಸಿಯೂಟದ ಅಡುಗೆ ಕೋಣೆಯಿಂದ ತಂದ ಈರುಳ್ಳಿ, ಮೂರನೆಯವರ ಕೈಯಲ್ಲಿ ಸ್ಟೀಲ್ ಚಮಚ.

ವಿಜ್ಞಾನದ ಮೇಡಂ ಮೂವರನ್ನೂ ತಡೆದರು. ಮೊದಲು ಅವರು ಮಾಡಿದ್ದು ಕೈಗಡಿಯಾರ ನೋಡಿದ್ದು. ಒಂಬತ್ತು ಐವತ್ತೆರಡು. ಆಮೇಲೆ ತಮ್ಮ ವೇಲ್ ಮಡಚಿ ಹುಡುಗಿಯ ತಲೆಯ ಕೆಳಗೆ ಇಟ್ಟರು, ಪಕ್ಕದಲ್ಲಿದ್ದ ಹೂಕುಂಡವನ್ನು ದೂರ ಸರಿಸಿದರು, ಕೊರಳ ಹತ್ತಿರದ ಟೈ ಸಡಿಲಿಸಿದರು. ಕೈಕಾಲುಗಳನ್ನು ಹಿಡಿಯಲಿಲ್ಲ. ಅದುರುವುದು ನಿಂತ ಕೂಡಲೇ ಅವಳನ್ನು ಎಡ ಮಗ್ಗುಲಿಗೆ ತಿರುಗಿಸಿ, ಬಾಯಿ ನೆಲದ ಕಡೆ ಇರುವಂತೆ ಮಾಡಿದರು. ಜೊಲ್ಲು ತಾನೇ ಹೊರಗೆ ಹರಿಯಿತು. ಮಕ್ಕಳನ್ನು ಕ್ಲಾಸಿಗೆ ಕಳಿಸಿ, ಒದ್ದೆ ಲಂಗದ ಮೇಲೆ ಒಂದು ಟವೆಲ್ ಹೊದಿಸಿದರು. ಗಡಿಯಾರ ಒಂಬತ್ತು ಐವತ್ನಾಲ್ಕು ತೋರಿಸುತ್ತಿತ್ತು. ಹುಡುಗಿ ಕಾಲು ಗಂಟೆ ನಿದ್ದೆಗಣ್ಣಲ್ಲೇ ಇದ್ದಳು. "ನಿನ್ನ ಹೆಸರೇನವ್ವಾ? ಇವತ್ತು ಯಾವ ವಾರ?" ಎಂದು ಕೇಳುತ್ತ, ಅವಳು ಸರಿಯಾಗಿ ಉತ್ತರ ಕೊಡುವವರೆಗೆ ಮೇಡಂ ಪಕ್ಕದಲ್ಲೇ ಕುಳಿತಿದ್ದರು. ಆಮೇಲೆಯೇ ನೀರು ಕೊಟ್ಟದ್ದು.

ಪ್ರಥಮ ಚಿಕಿತ್ಸೆ ಇಷ್ಟೇ. ಇದರಲ್ಲಿ ಮಾಡದೆ ಬಿಟ್ಟದ್ದೇ ಹೆಚ್ಚು ಎಂಬುದನ್ನು ಗಮನಿಸಿ.

ಈಗ ಆ ಮೂರು ವಸ್ತುಗಳ ವಿಷಯಕ್ಕೆ ಬರೋಣ. ಕಬ್ಬಿಣ ಕೈಗೆ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಕಬ್ಬಿಣಕ್ಕೆ ಆ ಶಕ್ತಿ ಇದ್ದಿದ್ದರೆ ಸಂಡೂರಿನಲ್ಲಿ ಯಾರಿಗೂ ಈ ಕಾಯಿಲೆ ಇರಬಾರದಿತ್ತು. ಅಲ್ಲಿ ಗುಡ್ಡವೇ ಕಬ್ಬಿಣದ ಅದಿರು, ಉಸಿರಾಡುವ ಧೂಳೂ ಅದೇ. ಆದರೂ ಸಂಡೂರಿನಿಂದ ನನ್ನ ಹತ್ತಿರ ಮಕ್ಕಳು ಬರುತ್ತಲೇ ಇದ್ದಾರೆ. ಹಾಗಾದರೆ ಜನ ಇದನ್ನು ಏಕೆ ನಂಬುತ್ತಾರೆ? ಅವರು ಕಣ್ಣಾರೆ ಕಂಡಿದ್ದಾರೆ, ಸುಳ್ಳು ಹೇಳುತ್ತಿಲ್ಲ. ಮಿದುಳಿನ ನರಕೋಶಗಳಲ್ಲಿ ಒಮ್ಮೆಲೇ ಎದ್ದ ವಿದ್ಯುತ್ತಿನ ಗದ್ದಲವೇ ಫಿಟ್ಸ್. ಹೆಚ್ಚಿನ ಸಲ ಅದು ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ಅಡಗುತ್ತದೆ. ಬೀಗದ ಕೈ ಹುಡುಕಿ ತರಲು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯಲು, ಚಪ್ಪಲಿ ಮೂಸಿಸಲು ಎಷ್ಟು ಹೊತ್ತು ಬೇಕು? ಸರಿಯಾಗಿ ಎರಡು ನಿಮಿಷ. ಏನೂ ತರದೆ ಸುಮ್ಮನೆ ಗಡಿಯಾರ ನೋಡಿದ ಮೇಡಂ ಮುಂದೆಯೂ ಅದು ಎರಡೇ ನಿಮಿಷಕ್ಕೆ ನಿಂತಿತು.

ಬೀಗದ ಕೈಯಿಂದ ಉಪಯೋಗವಿಲ್ಲ, ಅಷ್ಟೇ. ಚಮಚದಿಂದ ಅಪಾಯವಿದೆ. ನಾಲಿಗೆ ನುಂಗಿಬಿಡುತ್ತಾರೆ ಎಂಬ ಭಯಕ್ಕೆ ಬಾಯಿಗೆ ಚಮಚ, ಕಡ್ಡಿ, ಕೊನೆಗೆ ಬೆರಳನ್ನೂ ತುರುಕುತ್ತಾರೆ. ನಾಲಿಗೆಯ ಬುಡ ಬಾಯಿಯ ತಳಕ್ಕೆ ಅಂಟಿಕೊಂಡಿದೆ, ಅದನ್ನು ನುಂಗಲು ಬರುವುದಿಲ್ಲ. ನಾಲಿಗೆಯ ಅಂಚು ಹಲ್ಲಿಗೆ ಸಿಕ್ಕಿ ಗಾಯವಾಗಬಹುದು, ನೊರೆಯಲ್ಲಿ ರಕ್ತ ಕಾಣಬಹುದು. ಆ ಗಾಯ ಕೆಲವು ದಿನಗಳಲ್ಲಿ ಮಾಯುತ್ತದೆ. ಮುರಿದ ಹಲ್ಲು ಮಾಯುವುದಿಲ್ಲ. ಅದರ ಚೂರು ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ನಾವು ಓದುವಾಗ ನನ್ನ ಜೊತೆಯವನೊಬ್ಬನ ಮುಂದಿನ ಹಲ್ಲು ಹೀಗೇ ಹೋಯಿತು. ಎಲ್ಲರೂ ಸೇರಿ ಅವನಿಗೆ ಒಳ್ಳೆಯದನ್ನೇ ಮಾಡಲು ಹೋಗಿದ್ದೆವು. ಹಿಡಿದುಕೊಂಡವರಲ್ಲಿ ನಾನೂ ಒಬ್ಬ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕುವುದೂ ಹೀಗೇ. ನುಂಗುವ ಶಕ್ತಿ ಇಲ್ಲದಾಗ ಆ ನೀರು ಹೋಗುವುದು ಶ್ವಾಸಕೋಶಕ್ಕೆ.

ತುಟಿ ನೀಲಿಯಾದದ್ದನ್ನು ಕಂಡು ಎದೆ ಒತ್ತಲು ಹೋಗುವವರಿದ್ದಾರೆ. ಎದೆಯ ಸ್ನಾಯುಗಳೂ ಸೆಟೆದುಕೊಳ್ಳುವುದರಿಂದ ಉಸಿರು ಸ್ವಲ್ಪ ಹೊತ್ತು ನಿಲ್ಲುತ್ತದೆ, ಅದಕ್ಕೆ ನೀಲಿ. ಅದುರುವುದು ಮುಗಿದೊಡನೆ ಗೊರಗೊರ ಎಂದು ಉಸಿರು ತಾನೇ ಶುರುವಾಗುತ್ತದೆ. ಹಾಗೆ ಉಸಿರು ಬಾರದಿದ್ದರೆ ಮಾತ್ರ ಅದು ಬೇರೆಯೇ ತುರ್ತು. ಕೂಡಲೇ 108ಕ್ಕೆ ಕರೆ ಮಾಡಿ, ಆಗ ಎದೆ ಒತ್ತಬೇಕು.

ಗಡಿಯಾರ ಏಕೆ ಎಂದರೆ, ಐದು ನಿಮಿಷ ಎಂಬುದು ನಮಗೆ ಗೆರೆ. ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ, ಔಷಧ ಬೇಕಾಗುತ್ತದೆ. ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುವುದರಿಂದ ಊಹೆ ನಡೆಯುವುದಿಲ್ಲ. ಐದು ದಾಟಿದರೆ, ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಜೀವನದಲ್ಲೇ ಮೊದಲನೆಯದಾದರೆ, ತಲೆಗೆ ಪೆಟ್ಟಾಗಿದ್ದರೆ, ಗರ್ಭಿಣಿಯಾಗಿದ್ದರೆ 108 ಕರೆಯಿರಿ. ನಮ್ಮ ಕಡೆ ಇನ್ನೊಂದನ್ನು ಸೇರಿಸಲೇಬೇಕು, ನೀರು. ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ, ಹಂಪಿಯಲ್ಲಿ ಹೊಳೆಗೆ ಇಳಿದಾಗ ಫಿಟ್ಸ್ ಬಂದರೆ ಮೊದಲು ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿಯಿರಿ, ಅದುರುವುದು ನಿಂತ ಮೇಲೆ ದಡಕ್ಕೆ ತನ್ನಿ. ಎದ್ದು ಕುಳಿತು ಚೆನ್ನಾಗಿ ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಬಿಟ್ಟು ತೋರುತ್ತದೆ.

ಆ ಹುಡುಗಿಗೆ ಅಂದೇ ಏಕೆ ಬಂತು? ಒಂದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಏನೂ ಬಂದಿರಲಿಲ್ಲ. ತಾಯಿಯನ್ನು ಕೇಳಿದೆ. "ಹುಲಿಗಿಗೆ ಹೋಗಿದ್ವಿ ಸರ, ಹರಕಿ ಇತ್ತು. ಎರಡು ರಾತ್ರಿ ಅಲ್ಲೇ ಉಳಿದ್ವಿ. ಗುಳಿಗಿ ಮನ್ಯಾಗ ಮರ್ತು ಬಂದಿದ್ವಿ" ಎಂದರು. ಎರಡು ದಿನ ಮಾತ್ರೆ ಇಲ್ಲ, ಎರಡು ರಾತ್ರಿ ನಿದ್ದೆಯೂ ಇಲ್ಲ. ಫಿಟ್ಸ್ ಮರಳಿ ಬರಲು ಇವೆರಡೇ ಸಾಕು. ಅಮ್ಮನ ಗುಡಿಗೆ ಹೋಗಬೇಡಿ ಎಂದು ನಾನು ಹೇಳಲಿಲ್ಲ. ಕಾಯಿ, ಕರ್ಪೂರದ ಚೀಲದಲ್ಲೇ ಮಾತ್ರೆಯ ಡಬ್ಬಿಯನ್ನೂ ಇಡಿ ಎಂದೆ. ಇನ್ನು ಕೆಲವರು ಆರು ತಿಂಗಳು ಏನೂ ಬಾರದಿದ್ದರೆ ವಾಸಿಯಾಯಿತೆಂದು ತಾವೇ ಮಾತ್ರೆ ಬಿಡುತ್ತಾರೆ. ಬಾರದಿರುವುದು ಮಾತ್ರೆಯ ಕೆಲಸ. ಸಾಮಾನ್ಯವಾಗಿ ಎರಡು ವರ್ಷವಾದರೂ ಏನೂ ಬಾರದಿದ್ದ ಮೇಲೆಯೇ ವೈದ್ಯರು ಬಿಡಿಸುವ ಯೋಚನೆ ಮಾಡುತ್ತಾರೆ, ಅದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ. ಎಲ್ಲರಿಗೂ ಬಿಡಿಸಲು ಆಗುವುದಿಲ್ಲ. ಒಮ್ಮೆಲೇ ನಿಲ್ಲಿಸಿದವರಲ್ಲಿಯೇ ಬಿಡದೆ ಬರುವ ಫಿಟ್ಸ್ ನೋಡಿದ್ದೇನೆ.

ಸ್ನಾನದ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ, ಏಕೆಂದರೆ ಅದು ನಮ್ಮ ಕರ್ನಾಟಕದ್ದೇ ವಿಶೇಷ. ಹಂಡೆಯಲ್ಲಿ ಕಾಯಿಸಿದ ಸುಡುಸುಡು ನೀರನ್ನು ತಂಬಿಗೆಯಿಂದ ಒಂದೇ ಸಮನೆ ತಲೆಯ ಮೇಲೆ ಸುರಿಯುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ದೇಶಗಳಲ್ಲಿ ಇದು ಅಪರೂಪ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರು ಇದನ್ನು ದಶಕಗಳ ಹಿಂದೆಯೇ ವಿವರವಾಗಿ ಬರೆದರು. ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಬಹಳ ಕಾಲ ಅಧ್ಯಯನ ಮಾಡಿದರು. ನೀರು ಹಾಕುತ್ತಿದ್ದಂತೆ ಮಗು ದಿಟ್ಟಿಸಿ ನೋಡುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ, ಕೆಲವರು ಬೇಡವೆಂದರೂ ಕೇಳದೆ ಇನ್ನೂ ಇನ್ನೂ ನೀರು ಸುರಿದುಕೊಳ್ಳುತ್ತಾರೆ, ಕೆಲವರು ಬಿದ್ದು ಅದುರುತ್ತಾರೆ. ಮನೆಯವರಿಗೆ ಬಚ್ಚಲಲ್ಲಿ ಗಾಳಿ ಸೋಕಿತು ಅನ್ನಿಸುತ್ತದೆ. ಸಹಜವೇ, ಬೇರೆಲ್ಲೂ ಬಾರದ್ದು ಬಚ್ಚಲಲ್ಲೇ ಬರುತ್ತದಲ್ಲ! ಅದು ಬಚ್ಚಲಿನ ದೋಷವಲ್ಲ, ನೀರಿನ ಬಿಸಿ. ಉಗುರು ಬೆಚ್ಚಗಿನ ನೀರು ಬಳಸಿ, ಕಾಲು ಮತ್ತು ಬೆನ್ನಿನಿಂದ ಶುರು ಮಾಡಿ, ತಲೆಯನ್ನು ಒದ್ದೆ ಟವೆಲಿನಿಂದ ಒರೆಸಿ, ಚಿಲಕ ಹಾಕಬೇಡಿ. ಬಹಳಷ್ಟು ಮಂದಿಗೆ ಇಷ್ಟರಿಂದಲೇ ಕಡಿಮೆಯಾಗುತ್ತದೆ. ಆಗದಿದ್ದರೆ ತಲೆಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆ ಇದೆ, ವೈದ್ಯರು ಬರೆದುಕೊಡುತ್ತಾರೆ. ದೀಪಾವಳಿಯ ಅಭ್ಯಂಜನದ ಮರುದಿನ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಇಂಥ ಮಕ್ಕಳು ಇರುತ್ತಾರೆ.

ಶಿಕ್ಷಕರಿಗೆ ಒಂದು ಮಾತು. ಬೀಳದ ಫಿಟ್ಸ್ ಕೂಡ ಇದೆ. ಪಾಠ ಓದುತ್ತಿದ್ದ ಮಗು ಅರ್ಧ ವಾಕ್ಯಕ್ಕೆ ನಿಲ್ಲುತ್ತದೆ, ಹತ್ತು ಸೆಕೆಂಡು ಕಣ್ಣು ಎಲ್ಲೋ ನೆಟ್ಟು ರೆಪ್ಪೆ ಅದುರುತ್ತದೆ, ಮತ್ತೆ ಓದು ಮುಂದುವರಿಸುತ್ತದೆ. ದಿನಕ್ಕೆ ಹಲವು ಸಲ ಹೀಗಾಗಬಹುದು. ಕನಸು ಕಾಣುತ್ತಿರುವ ಮಗುವಿನ ಹೆಸರು ಕೂಗಿದರೆ, ಭುಜ ಮುಟ್ಟಿದರೆ ಎಚ್ಚೆತ್ತುಕೊಳ್ಳುತ್ತದೆ, ಇದು ಎಚ್ಚೆತ್ತುಕೊಳ್ಳುವುದಿಲ್ಲ. ಬೆತ್ತ ಎತ್ತುವ ಮೊದಲು ಅಷ್ಟು ನೋಡಿ, ಪಾಲಕರನ್ನು ಕರೆದು ಹೇಳಿ.

ಇದು ಅಂಟುವುದಿಲ್ಲ, ನೊರೆಯಿಂದಲೂ ಇಲ್ಲ. ಮದುವೆಯ ಪ್ರಶ್ನೆ ತಾಯಂದಿರು ಪಿಸುದನಿಯಲ್ಲಿ ಕೇಳುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಸೇರಿದ್ದ ಈ ರೋಗದ ಹೆಸರನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಮುಚ್ಚಿಟ್ಟು ಮದುವೆ ಮಾಡಿದ ಮೇಲೆ ಮಾತ್ರೆಯನ್ನೂ ಮುಚ್ಚಿ ನುಂಗಬೇಕಾಗುತ್ತದೆ, ಆಮೇಲೆ ಅದು ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಹೇಳಿಯೇ ಮಾಡಿ ಎನ್ನುವುದು ನನ್ನ ಅಭಿಪ್ರಾಯ.

ಕಳೆದ ತಿಂಗಳು ಆ ಹುಡುಗಿಯ ತಂದೆ ಬಂದಿದ್ದರು. ಶಾಲೆಯಿಂದ ಹಂಪಿಗೆ ಪ್ರವಾಸ, ಕಳಿಸಬೇಕೋ ಬೇಡವೋ ಎಂದು ಕೇಳಲು. ಕಳಿಸಿ ಎಂದೆ. ಹಿಂದಿನ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲಿ, ಮಾತ್ರೆ ತಪ್ಪದಿರಲಿ, ಮಾತಂಗ ಬೆಟ್ಟದ ಅಂಚಿಗೆ, ಹೊಳೆಯ ನೀರಿಗೆ ಒಬ್ಬಳೇ ಹೋಗುವುದು ಬೇಡ, ಜೊತೆಗೆ ಹೋಗುವ ಮೇಡಂಗೆ ಮಾತ್ರೆಯ ಹೆಸರು ಬರೆದ ಚೀಟಿ ಕೊಡಿ ಎಂದೆ. ಹೋಗಿ ಬಂದಳು. ಕಲ್ಲಿನ ರಥದ ಮುಂದೆ ಗೆಳತಿಯರ ಜೊತೆ ನಿಂತ ಫೋಟೋವನ್ನು ಅವರಪ್ಪ ಮೊಬೈಲಿನಲ್ಲಿ ತೋರಿಸಿದರು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.