ತಾಯಿ ಕಾರ್ಡ್ ಓದುವ ಬಗೆ

(ದಾವಣಗೆರೆಯ ಮಂಡಿಪೇಟೆಯಲ್ಲಿ ನಡೆದ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾವು ಒಂದು ಫೋಟೋದ ಕುರಿತು ಮಾತನಾಡಲಿದ್ದೇವೆ. ಹರಿಹರದಿಂದ ಮದುವೆಯಾಗಿ ಈ ಮಂಡಿಪೇಟೆಗೆ ಬಂದ, ಚೊಚ್ಚಲು ಬಸುರಿಯಾಗಿದ್ದ ಸಹೋದರಿಯೊಬ್ಬರು 2025ರ ಜುಲೈ ಕೊನೆಯಲ್ಲಿ ತಮ್ಮ ತಾಯಿ ಕಾರ್ಡಿನ ಫೋಟೋ ತೆಗೆದು ನಮಗೆ ಕಳಿಸಿದ್ದರು. ಅದರೊಡನೆ ಒಂದೇ ಪ್ರಶ್ನೆ ಇತ್ತು: "ಭಾಯಿ, ಪ್ರತಿಸಲವೂ ಎಲ್ಲವನ್ನೂ ಬರೆದಿದ್ದಾರೆ. ಎಲ್ಲ ಸರಿಯಾಗಿದೆ ಎಂದೇ ಅರ್ಥವಲ್ಲವೇ?"

ನಾವು ವೈದ್ಯರಲ್ಲ. ಆದ್ದರಿಂದ ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದ ನರ್ಸ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಾರ್ಡನ್ನು ಓದಿದೆವು. ಆ ಸಹೋದರಿಯ ಒಪ್ಪಿಗೆ ಪಡೆದು, ಗುರುತು ಮರೆಮಾಚಿ, ಅದರ ಸಾಲುಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ಕಾರ್ಡ್ ತುಂಬಿದೆ ಎಂಬುದಕ್ಕೂ ಎಲ್ಲವೂ ಸರಿಯಾಗಿದೆ ಎಂಬುದಕ್ಕೂ ಬಹಳ ಅಂತರವಿದೆ. ಮಂಡಿಯ ವ್ಯಾಪಾರಿ ಖಾತೆ ಪುಸ್ತಕದ ಇಂದಿನ ಮೊತ್ತವನ್ನಷ್ಟೇ ನೋಡುವುದಿಲ್ಲ. ಹಿಂದಿನ ಮೊತ್ತಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನು ನೋಡುತ್ತಾನೆ. ತಾಯಿ ಕಾರ್ಡನ್ನೂ ಹಾಗೆಯೇ ಓದಬೇಕು.

ಮೊದಲು ದಿನಾಂಕಗಳು. ಕಾರ್ಡಿನಲ್ಲಿ ಎಲ್‌ಎಂಪಿ ಎಂದಿರುವುದು ಕೊನೆಯ ಮುಟ್ಟಿನ ಮೊದಲ ದಿನ. ಇವರದು 2025ರ ಜನವರಿ 10. ಅದಕ್ಕೆ 9 ತಿಂಗಳು 7 ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ, ಅಂದರೆ ಇಡಿಡಿ, ಅಕ್ಟೋಬರ್ 17. ಇದು 280 ದಿನಗಳ, ಅಂದರೆ 40 ವಾರಗಳ ಲೆಕ್ಕ. ಇಲ್ಲಿಯೇ ಮನೆಯ ಹಿರಿಯರಿಗೂ ಕಾರ್ಡಿಗೂ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಹಿರಿಯರು ಚಾಂದ್ರಮಾನದ ಒಂಬತ್ತು ತಿಂಗಳು ಎಣಿಸುತ್ತಾರೆ. ಅದು ಸುಮಾರು 266 ದಿನ. ಗರ್ಭ ನಿಂತ ದಿನದಿಂದ ಎಣಿಸಿದರೆ ಅವರ ಲೆಕ್ಕವೂ ಸರಿಯೇ. ಆದರೆ ಕಾರ್ಡ್ ಅದಕ್ಕಿಂತ ಸುಮಾರು ಎರಡು ವಾರ ಹಿಂದಿನಿಂದ, ಮುಟ್ಟಿನ ದಿನದಿಂದ ಎಣಿಸುತ್ತದೆ. "ನಮ್ಮ ಲೆಕ್ಕದಲ್ಲಿ ಹತ್ತೇ ವಾರ, ಆಸ್ಪತ್ರೆಯವರು ಹನ್ನೆರಡು ಬರೆದಿದ್ದಾರೆ" ಎಂದು ಗಾಬರಿಯಾಗಬೇಕಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಕಾರ್ಡಿನ ಲೆಕ್ಕವನ್ನೇ ಹೇಳಬೇಕು.

ಭೇಟಿಗಳನ್ನು ಗಮನಿಸಿ. ಮಾರ್ಚ್ 28ಕ್ಕೆ 11ನೆಯ ವಾರ, ಏಪ್ರಿಲ್ 18ಕ್ಕೆ 14, ಮೇ 30ಕ್ಕೆ 20, ಜುಲೈ 25ಕ್ಕೆ 28. ಮೊದಲ ಭೇಟಿ 12 ವಾರದೊಳಗೆ, ಎರಡನೆಯದು 14ರಿಂದ 26ರ ನಡುವೆ, ಮೂರನೆಯದು 28ರಿಂದ 34ರ ನಡುವೆ, ನಾಲ್ಕನೆಯದು 36ರ ನಂತರ ಎಂಬುದು ಕನಿಷ್ಠ ನಿಯಮ. ಆ ಲೆಕ್ಕದಲ್ಲಿ ಈ ಸಹೋದರಿ ಒಂದನ್ನೂ ತಪ್ಪಿಸಿರಲಿಲ್ಲ. ಹೀಗಿದ್ದೂ ಕಾರ್ಡ್ ಬೇರೊಂದು ಮಾತನ್ನು ಹೇಳುತ್ತಿತ್ತು.

ಅದರ ಮೊದಲ ಸುಳಿವು ತೂಕದ ಸಾಲಿನಲ್ಲಿತ್ತು. ಮಾರ್ಚ್‌ನಲ್ಲಿ 46 ಕಿಲೋ, ಮೇ ಕೊನೆಗೆ 48.5, ಜುಲೈ ಕೊನೆಗೆ 50.5. ಪ್ರತಿಸಲವೂ ಏರಿದೆ, ಆದ್ದರಿಂದ ಯಾರ ಕಣ್ಣಿಗೂ ಅದು ಕುತ್ತಲಿಲ್ಲ. ಮೂರು ತಿಂಗಳು ಕಳೆದ ಮೇಲೆ ತಿಂಗಳಿಗೆ ಸುಮಾರು ಒಂದೂವರೆಯಿಂದ ಎರಡು ಕಿಲೋ, ಒಟ್ಟಾರೆ 9ರಿಂದ 11 ಕಿಲೋ ಏರಬೇಕೆಂಬುದು ನಮ್ಮಲ್ಲಿನ ಸಾಮಾನ್ಯ ಅಂದಾಜು. ಇವರು ಕೊನೆಯ ಎಂಟು ವಾರಗಳಲ್ಲಿ ಏರಿದ್ದು ಎರಡೇ ಕಿಲೋ. ಅಂದರೆ ಊಟ ಸಾಲುತ್ತಿಲ್ಲ. ವಿಚಾರಿಸಿದಾಗ, ವಾಕರಿಕೆಯ ದಿನಗಳಲ್ಲಿ ರಾತ್ರಿಯ ಊಟಕ್ಕೆ ಬದಲಾಗಿ ಮಂಡಕ್ಕಿ ಮತ್ತು ಚಹಾ ರೂಢಿಯಾಗಿ, ವಾಕರಿಕೆ ನಿಂತ ಮೇಲೂ ಅದೇ ಮುಂದುವರಿದಿತ್ತು. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಒಂದು ತಿಂಗಳಲ್ಲಿ ಮೂರು ಕಿಲೋಗಿಂತ ಹೆಚ್ಚು ಏರಿ, ಮುಖ ಮತ್ತು ಕೈ ಊದಿಕೊಂಡು, ರಕ್ತದೊತ್ತಡ 140/90 ಮುಟ್ಟಿದರೆ ಅದು ಪುಷ್ಟಿಯಲ್ಲ, ಅಂದೇ ವೈದ್ಯರಿಗೆ ತೋರಿಸಬೇಕಾದ ಸಂಗತಿ. ಮತ್ತೊಂದು ಸಣ್ಣ ಮಾತು: ಒಮ್ಮೆ ಬುರ್ಖಾ ಮತ್ತು ಚಪ್ಪಲಿಯೊಡನೆ, ಇನ್ನೊಮ್ಮೆ ಅವಿಲ್ಲದೆ ತೂಗಿದರೆ ಆ ಎರಡು ಅಂಕಿಗಳನ್ನು ಹೋಲಿಸಲಾಗದು. ಪ್ರತಿಸಲವೂ ಒಂದೇ ರೀತಿ ತೂಗಿಸಿಕೊಳ್ಳಬೇಕು.

ಇನ್ನು ಮುಖ್ಯವಾದ ಸಾಲಿಗೆ ಬರೋಣ. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್: ಮಾರ್ಚ್‌ನಲ್ಲಿ 10.2, ಮೇ ತಿಂಗಳಲ್ಲಿ 9.6, ಜುಲೈಯಲ್ಲಿ 8.9. ಬಸುರಿಯಲ್ಲಿ ಇದು 11 ಅಥವಾ ಅದಕ್ಕಿಂತ ಹೆಚ್ಚಿರಬೇಕು. 10ರಿಂದ 10.9ರವರೆಗೆ ಸೌಮ್ಯ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಡುತಿಂಗಳುಗಳಲ್ಲಿ ಈ ಅಂಕಿ ಸ್ವಲ್ಪ ಇಳಿಯುವುದು ಸಹಜ. ಆಗ ರಕ್ತದ ನೀರಿನಂಶವು ಕೆಂಪುಕಣಗಳಿಗಿಂತ ವೇಗವಾಗಿ ಹೆಚ್ಚುತ್ತದೆ. ಹಾಲಿಗೆ ನೀರು ಬೆರೆತಂತೆ ರಕ್ತ ತೆಳುವಾಗುತ್ತದೆ. ಆದರೆ ಆ ಸಹಜ ಇಳಿಕೆ 8.9ರವರೆಗೆ ಒಯ್ಯುವುದಿಲ್ಲ. ಸೌಮ್ಯದಿಂದ ಮಧ್ಯಮಕ್ಕೆ ಜಾರಿದ್ದು ಕಾರ್ಡಿನಲ್ಲಿ ಎರಡು ತಿಂಗಳಿನಿಂದಲೂ ಬರೆದೇ ಇತ್ತು.

ಇದರಲ್ಲಿ ಪಣಕ್ಕಿರುವುದು ಏನು? ಸಹಜ ಹೆರಿಗೆಯಲ್ಲೂ ಅರ್ಧ ಲೀಟರ್‌ವರೆಗೆ ರಕ್ತ ಹೋಗಬಹುದು. 11 ಇರುವ ತಾಯಿ ಅದನ್ನು ತಾಳಿಕೊಳ್ಳುತ್ತಾಳೆ. ಕಡಿಮೆ ಇರುವವಳಿಗೆ ಅಷ್ಟೇ ರಕ್ತಸ್ರಾವ ಪ್ರಾಣಕ್ಕೆ ಕುತ್ತಾಗಬಲ್ಲದು. ಮಗುವೂ ಕಡಿಮೆ ತೂಕದ್ದಾಗಿ ಇಲ್ಲವೇ ಅವಧಿಗೆ ಮುನ್ನ ಹುಟ್ಟಬಹುದು.

ಹಾಗಾದರೆ ಮಾತ್ರೆ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ಏಪ್ರಿಲ್ 18ರಂದು 60 ಕಬ್ಬಿಣಾಂಶದ ಮಾತ್ರೆ, ಮೇ 30ರಂದು ಇನ್ನೂ 60, ದಿನಕ್ಕೆ ಎರಡರಂತೆ. ಆದರೆ ಸಹೋದರಿಯರೇ, ಕಾರ್ಡ್ ಬರೆಯುವುದು ಕೊಟ್ಟ ಮಾತ್ರೆಯ ಲೆಕ್ಕವನ್ನು, ನುಂಗಿದ್ದರ ಲೆಕ್ಕವನ್ನಲ್ಲ. ಅತ್ತೆಯವರು ಮನೆಯ ಡಬ್ಬಿಯಲ್ಲಿದ್ದ ಪಟ್ಟಿಗಳನ್ನು ಎಣಿಸಿದಾಗ 120ರಲ್ಲಿ 70 ಹಾಗೆಯೇ ಉಳಿದಿದ್ದವು! ಮಾತ್ರೆ ತಿಂದರೆ ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆ ಎಂಬ ಭಯ. ಮಲ ಕಪ್ಪಾಗುವುದು ಕಬ್ಬಿಣದ ಸಹಜ ಗುಣ, ಅದರಿಂದ ಕೇಡಿಲ್ಲ. ಮಗುವಿನ ಮೈಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಹೊಟ್ಟೆ ಕಟ್ಟುವುದು ನಿಜ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿದರೆ ತಗ್ಗುತ್ತದೆ, ತಗ್ಗದಿದ್ದರೆ ವೈದ್ಯರಿಗೆ ಹೇಳಬೇಕು, ಮಾತ್ರೆ ನಿಲ್ಲಿಸಬಾರದು.

ನುಂಗಿದ ಆ 50 ಮಾತ್ರೆಗಳೂ ಪೂರ್ಣ ಫಲ ಕೊಟ್ಟಿರಲಿಲ್ಲ. ಅವರು ಬೆಳಗಿನ ಚಹಾದೊಡನೆ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗುತ್ತಿದ್ದರು. ಚಹಾ ಮತ್ತು ಕ್ಯಾಲ್ಸಿಯಂ ಎರಡೂ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನರ್ಸ್ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಕ್ಯಾಲ್ಸಿಯಂ ಊಟದೊಡನೆ, ಕಬ್ಬಿಣ ಊಟವಾಗಿ ಎರಡು ಗಂಟೆಯ ನಂತರ, ನಿಂಬೆ ಪಾನಕ ಅಥವಾ ನೆಲ್ಲಿಕಾಯಿಯೊಡನೆ, ಅದರ ಆಸುಪಾಸಿನಲ್ಲಿ ಚಹಾ, ಹಾಲು ಬೇಡ. ಮಾಂಸ, ನುಗ್ಗೆ ಸೊಪ್ಪು, ಕಾಳುಗಳು ಬೇಕೇ ಬೇಕು. ಆದರೆ ಈ ಹಂತದಲ್ಲಿ ಆಹಾರವೊಂದರಿಂದಲೇ 8.9 ಮೇಲೇರದು.

ಇದಾದ ನಾಲ್ಕು ವಾರಕ್ಕೆ, ಆಗಸ್ಟ್ 22ರಂದು, ಅದೇ ಪ್ರಯೋಗಾಲಯದಲ್ಲಿ 9.8 ಬಂತು. ಅದೇ ಪ್ರಯೋಗಾಲಯ ಎಂಬುದನ್ನು ಗಮನಿಸಿ. ಬೆರಳು ಚುಚ್ಚಿ ನೋಡುವ ಯಂತ್ರದ ಅಂಕಿಗೂ ಪ್ರಯೋಗಾಲಯದ ಅಂಕಿಗೂ ವ್ಯತ್ಯಾಸ ಬರುವುದುಂಟು. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ತಿಂಗಳಿಗೆ ಸುಮಾರು 1 ಏರಬೇಕು. ಏರದಿದ್ದರೆ ಸುಮ್ಮನೆ ಇನ್ನೊಂದು ತಿಂಗಳು ಕಾಯಬಾರದು. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆ ಆಸ್ಪತ್ರೆಗಳಲ್ಲಿದೆ. ಥಲಸ್ಸೀಮಿಯಾದ ಪರೀಕ್ಷೆಯನ್ನೂ ಕೇಳಬೇಕು. ಸೋದರಸಂಬಂಧದಲ್ಲಿ ಮದುವೆಯಾದವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹೆಂಡತಿಯಲ್ಲಿ ಅದರ ಲಕ್ಷಣ ಕಂಡರೆ ಗಂಡನ ರಕ್ತವನ್ನೂ ಪರೀಕ್ಷಿಸಬೇಕು. ಇನ್ನು 7ಕ್ಕಿಂತ ಕೆಳಗಿಳಿದರೆ ಮನೆಯ ಉಪಚಾರದ ಪ್ರಶ್ನೆಯೇ ಇಲ್ಲ, ಆಸ್ಪತ್ರೆಗೆ ಸೇರಿಸಬೇಕು.

ಕೊನೆಗೆ ಸ್ಕ್ಯಾನ್. ಏಪ್ರಿಲ್ 4ರ ಮೊದಲ ಸ್ಕ್ಯಾನಿನಲ್ಲಿ ಹೆರಿಗೆ ದಿನ ಅಕ್ಟೋಬರ್ 20 ಎಂದಿತ್ತು, ಕಾರ್ಡಿನಲ್ಲಿ 17. ಮೊದಲ ಮೂರು ತಿಂಗಳ ಸ್ಕ್ಯಾನ್ ಒಂದು ವಾರಕ್ಕಿಂತ ಹೆಚ್ಚು ಭಿನ್ನವಾಗಿದ್ದರೆ ವೈದ್ಯರು ದಿನ ಬದಲಿಸುತ್ತಾರೆ. ಮೂರು ದಿನಕ್ಕೆ ಬದಲಿಸುವುದಿಲ್ಲ. ಮುಂದಿನ ಪ್ರತಿ ವರದಿಯಲ್ಲೂ ಹೊಸ ದಿನಾಂಕ ಅಚ್ಚಾಗಿರುತ್ತದೆ. ಅದನ್ನು ಹಿಡಿದು ಹೆರಿಗೆಯ ದಿನವನ್ನು ಮುಂದೂಡಬಾರದು. ಎಂಟನೆಯ ತಿಂಗಳ ಸ್ಕ್ಯಾನ್ ಎರಡು ವಾರ ಹಿಂದೆ ತೋರಿಸಿದರೆ, ದಿನ ತಪ್ಪಾಗಿದೆ ಎಂದಲ್ಲ, ಮಗು ಸಣ್ಣದಾಗಿರಬಹುದು ಎಂದು ಓದಬೇಕು.

ಮೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಎಂದು ಬರೆದಿತ್ತು. 20ನೆಯ ವಾರದಲ್ಲಿ ಇದು ಅನೇಕರಲ್ಲಿ ಕಂಡು, ಗರ್ಭಕೋಶ ಬೆಳೆದಂತೆ ಮೇಲೆ ಸರಿಯುತ್ತದೆ. 32ನೆಯ ವಾರದಲ್ಲಿ ಮತ್ತೆ ನೋಡಿದಾಗ ಇವರದೂ ಸರಿದಿತ್ತು. ಆ ನಡುವೆ ನೋವಿಲ್ಲದೆ ರಕ್ತ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಿತ್ತು ಎಂಬುದನ್ನು ಮಾತ್ರ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗಂಡೋ ಹೆಣ್ಣೋ ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ. 1994ರ ಕಾನೂನಿನಂತೆ ಅದನ್ನು ಹೇಳುವುದೂ ಹೇಳಿಸಿಕೊಳ್ಳುವುದೂ ಅಪರಾಧ.

ಫೋಟೋ ಬಗ್ಗೆ ಒಂದು ಎಚ್ಚರಿಕೆ. ಅದು ಕಾರ್ಡ್ ಕಳೆದರೆ ಉಪಯೋಗಕ್ಕೆ ಬರುವ ನಕಲು. ನೆರಳು ಬಿದ್ದ ಚಿತ್ರದಲ್ಲಿ 8.9 ಎಂಬುದು 9.9 ಆಗಿ ಕಾಣಬಹುದು. ಎಚ್‌ಐವಿ ಮುಂತಾದ ಪರೀಕ್ಷೆಗಳ ಫಲಿತಾಂಶವೂ ಕಾರ್ಡಿನಲ್ಲಿರುವುದರಿಂದ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬಾರದು. ಆಸ್ಪತ್ರೆಗೆ ಮೂಲ ಕಾರ್ಡನ್ನೇ ಒಯ್ಯಬೇಕು.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಅಂದು ಕಾರ್ಡ್ ತುಂಬಿಸಿಕೊಂಡು ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ: ಕಳೆದ ಸಲಕ್ಕಿಂತ ತೂಕ ಎಷ್ಟು ಏರಿದೆ? ರಕ್ತ ಏರಿದೆಯೋ ಇಳಿದಿದೆಯೋ? ಇಳಿದಿದ್ದರೆ ಇಂದು ಏನು ಬದಲಿಸುತ್ತೀರಿ? ಮನೆಗೆ ಬಂದ ಮೇಲೆ ಅತ್ತೆಯಂದಿರು, ಗಂಡಂದಿರು ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಲಿ. ಆ ಸಹೋದರಿಯ ಅಂಕಿ ಅಂದು 9.8ಕ್ಕೆ ಬಂದಿತ್ತು, 11 ಮುಟ್ಟಿರಲಿಲ್ಲ. ಆದ್ದರಿಂದ ಮಾತ್ರೆ ಮುಂದುವರಿಯಿತು. ಹೆರಿಗೆಯ ನಂತರವೂ 180 ದಿನ ಅದನ್ನು ತೆಗೆದುಕೊಳ್ಳಬೇಕೆಂಬುದೇ ನಿಯಮ.