‘ಬರಲ್ಲ’ ಅಂತೀರಾ, ‘ಬರೋಕಾಗ್ತಿಲ್ಲ’ ಅಂತೀರಾ?

ಇವತ್ತು ಒಂದೇ ಒಂದು ಮೆಸೇಜ್ ಬಗ್ಗೆ ಮಾತಾಡ್ತೀನಿ. ಕೊನೇ ಗಳಿಗೆಯಲ್ಲಿ ಪ್ಲ್ಯಾನ್ ಕ್ಯಾನ್ಸಲ್ ಮಾಡೋವಾಗ ಫ್ರೆಂಡ್‌ಗೆ ಕಳಿಸ್ತೀವಲ್ಲ, ಆ ಮೆಸೇಜ್.

ಒಂದು ಸಂದರ್ಭ ತಗೊಳ್ಳಿ. ಶನಿವಾರ ಸಂಜೆ 6ಕ್ಕೆ ಚರ್ಚ್ ಸ್ಟ್ರೀಟ್‌ನಲ್ಲಿ ಸಿಗೋಣ ಅಂತ ಮಾತಾಗಿದೆ. ನಿಮ್ಮ ಗೆಳತಿ ಕೆಂಗೇರಿಯಿಂದ ಮೆಟ್ರೋ ಹತ್ತಿ ಎಂ.ಜಿ. ರೋಡ್‌ಗೆ ಬರಬೇಕು. ಸಂಜೆ 4:45ಕ್ಕೆ ನೋಡಿದ್ರೆ ನಿಮ್ಮ ಅಮ್ಮನಿಗೆ 102 ಜ್ವರ, ಅಪ್ಪ ಊರಲ್ಲಿಲ್ಲ. ಹೊರಡೋ ಹಾಗಿಲ್ಲ. ಏನು ಬರೀತೀರಾ?

ತುಂಬಾ ಜನ ‘ಹಾಯ್, ಏನ್ ಮಾಡ್ತಿದ್ದೀಯಾ?’ ಅಂತ ಶುರು ಮಾಡ್ತಾರೆ. ವಿಷಯ ಹೇಳೋಕೆ ಸಂಕೋಚ, ಪಾಪ. ಆಕೆ ಜಡೆ ಹಾಕ್ಕೊಳ್ತಾ ಫೋನ್ ಕಡೆ ಕಣ್ಣು ಹಾಯಿಸ್ತಾಳೆ, ಆಮೇಲೆ ಹೇಳಿದ್ರಾಯ್ತು ಅಂತ ಬಿಟ್ಟು ಸ್ಟೇಷನ್‌ಗೆ ಹೊರಡ್ತಾಳೆ. ಲಾಕ್ ಆದ ಫೋನಲ್ಲಿ ಕಾಣೋದು ಮೆಸೇಜಿನ ಮೊದಲ ಕೆಲವು ಪದ ಮಾತ್ರ. ‘ಬರೋಕಾಗ್ತಿಲ್ಲ’ ಅನ್ನೋದು ಅಲ್ಲೇ ಕಾಣಬೇಕು.

ಇನ್ನೂ ಅಪಾಯದ್ದು ‘ನೋಡ್ತೀನಿ ಕಣೇ, ಟ್ರೈ ಮಾಡ್ತೀನಿ’. ನಮ್ಮಲ್ಲಿ ಇಲ್ಲ ಅನ್ನೋದನ್ನ ಮೆತ್ತಗೆ ಹೇಳೋ ರೀತಿ ಅದು, ನಿಜ. ಮುಂದಿನ ವಾರದ ಮದುವೆಗೆ ಕರೆದಾಗ ಅದು ನಡೆಯುತ್ತೆ. ಇನ್ನೊಂದು ಗಂಟೆಯಲ್ಲಿ ಸಿಗಬೇಕಾದವಳಿಗೆ ಅದರ ಅರ್ಥ ‘ನೀನು ಹೊರಡು, ನಾನು ಬರಬಹುದು’ ಅಂತಲೇ.

ಈಗ ಕ್ರಿಯಾಪದಕ್ಕೆ ಬರೋಣ. ನನಗೆ ತುಂಬಾ ಇಷ್ಟದ ಜಾಗ ಇದು. ‘ನಾನು ಬರಲ್ಲ’ ಅಂದ್ರೆ ನಿರ್ಧಾರ ನನ್ನದು. ಮುನಿಸಿಕೊಂಡವರು ಆಡೋ ಮಾತಿನ ಥರ ಕೇಳಿಸುತ್ತೆ. ‘ನಂಗೆ ಬರೋಕಾಗಲ್ಲ’ ಅಂದಾಗ ‘ನಾನು’ ಹೋಗಿ ‘ನನಗೆ’ ಬಂತು. ಅಡ್ಡಿ ಹೊರಗಿನಿಂದ ಬಂದಿದೆ ಅಂತ ಆಯ್ತು, ಆದರೆ ಬಾಗಿಲು ಮುಚ್ಚಿದ ಹಾಗಿದೆ. ‘ಬರೋಕಾಗ್ತಿಲ್ಲ’ ಅನ್ನಿ, ಬರೋ ಮನಸ್ಸಿತ್ತು, ಸಾಧ್ಯ ಆಗ್ತಾ ಇಲ್ಲ ಅನ್ನೋ ಭಾವ ಅದರಲ್ಲೇ ಬಂದುಬಿಡುತ್ತೆ. ಧಾರವಾಡದ ಕಡೆ ಇದನ್ನೇ ‘ಬರಾಕ ಆಗವಲ್ದು’ ಅಂತಾರೆ. ಅರ್ಧ ಕ್ಷಮೆ ಆ ಒಂದೇ ಪದದಲ್ಲಿ ಕೇಳಿ ಆಯ್ತು.

ಉಳಿದರ್ಧಕ್ಕೆ ‘ಕ್ಷಮಿಸಿ’ ಬೇಡ. ಸ್ನೇಹಿತರ ನಡುವೆ ಅದು ರೈಲ್ವೆ ಸ್ಟೇಷನ್ ಪ್ರಕಟಣೆ ಥರ ಇರುತ್ತೆ. ‘ಸಾರಿ ಕಣೇ’ ಸಾಕು, ಆ ‘ಕಣೇ’ ಇಲ್ಲದಿದ್ರೆ ಬರೀ ‘ಸಾರಿ’ ಒಣಗಿದ ಹಾಗೆ. ಅದರ ಜೊತೆ ‘ಬೇಜಾರ್ ಮಾಡ್ಕೋಬೇಡ’. ಇದು ಅವಳಿಗೆ ಬೇಜಾರಾಗುತ್ತೆ ಅಂತ ಒಪ್ಪಿಕೊಳ್ಳೋ ಮಾತು. ಒಂದು ಸಲ ಸಾಕು, ಐದು ಸಲ ಸಾರಿ ಬರೆದ್ರೆ ಅವಳೇ ನಿಮ್ಮನ್ನ ಸಮಾಧಾನ ಮಾಡೋ ಹಾಗಾಗುತ್ತೆ.

ಹಾಗಾದ್ರೆ ಮೆಸೇಜ್ ಹೀಗಿರಲಿ:

‘ಇವತ್ತು ಬರೋಕಾಗ್ತಿಲ್ಲ ಕಣೇ, ಸಾರಿ. ಅಮ್ಮಂಗೆ 102 ಜ್ವರ, ಅಪ್ಪ ಊರಲ್ಲಿಲ್ಲ, ಒಬ್ಬಳನ್ನೇ ಬಿಟ್ಟು ಬರೋ ಹಾಗಿಲ್ಲ. ಹೊರಟುಬಿಟ್ಯಾ? ಬೇಜಾರ್ ಮಾಡ್ಕೋಬೇಡ. ನಾಳೆ ಜ್ವರ ಇಳಿದ್ರೆ ನಾನೇ ಕೆಂಗೇರಿ ಕಡೆ ಬರ್ತೀನಿ, ಬೆಳಿಗ್ಗೆ ಫೋನ್ ಮಾಡ್ಲಾ?’

ಕಾರಣ ಒಂದೇ ವಾಕ್ಯ. ಅಮ್ಮನ ಜ್ವರದ ಜೊತೆಗೆ ಟ್ರಾಫಿಕ್ಕು, ಮಳೆ, ತಲೆನೋವು ಎಲ್ಲ ಸೇರಿಸಿದ್ರೆ ನಿಜವಾದ ಜ್ವರವೂ ನೆಪದ ಥರ ಕಾಣೋಕೆ ಶುರು. ‘ಹೊರಟುಬಿಟ್ಯಾ?’ ಅನ್ನೋದನ್ನ ಬಿಡಬೇಡಿ. ಅವಳ ಸಂಜೆ ಎಲ್ಲಿಗೆ ಬಂದು ನಿಂತಿದೆ ಅಂತ ಕೇಳ್ತಿರೋದು ಅದೊಂದೇ ಸಾಲು. ‘ಇನ್ನೊಂದ್ಸಲ ಸಿಗೋಣ’ ಅಂತ ತೇಲಿಸೋ ಬದಲು ನಾಳೆ, ಕೆಂಗೇರಿ ಅಂತ ಬರೆದಿದ್ದೀವಿ, ಯಾಕಂದ್ರೆ ಈ ಸಲ ದೂರ ಬರಬೇಕಾಗಿದ್ದವಳು ಅವಳು.

ಆಫೀಸಿನ ಹಿರಿಯ ಅಕ್ಕನಿಗಾದ್ರೆ ‘ಕಣೇ’ ಹೋಗುತ್ತೆ. ‘ಅಕ್ಕಾ, ಇವತ್ತು ಬರೋಕಾಗ್ತಿಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ’ ಅನ್ನಿ. ‘ಬೇಜಾರ್’ ಸಲಿಗೆಯ ಮಾತು, ‘ತಪ್ಪು ತಿಳ್ಕೋಬೇಡಿ’ಯಲ್ಲಿ ಮರ್ಯಾದೆ ಇದೆ.

ಕಳಿಸಿದ ಮೇಲೆ ಫೋನ್ ಪಕ್ಕಕ್ಕಿಡಬೇಡಿ. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಇದ್ರೆ ಅದು ಅವಳ ಫೋನ್ ತಲುಪಿಲ್ಲ. ಎರಡಿದ್ರೂ ಓದಿದ್ದಾಳೆ ಅಂತಲ್ಲ. ಐದು ನಿಮಿಷ ಉತ್ತರ ಬರದಿದ್ರೆ ಕಾಲ್ ಮಾಡಿ. ಭೇಟಿಗೆ ಅರ್ಧ ಗಂಟೆಯೂ ಉಳಿದಿಲ್ಲ ಅಂದ್ರೆ ಮೊದಲೇ ಕಾಲ್ ಮಾಡಿ, ಮೆಸೇಜ್ ಆಮೇಲೆ.

ಉತ್ತರವನ್ನೂ ಸ್ವಲ್ಪ ಗಮನಿಸಿ. ‘ಅಯ್ಯೋ, ಪರ್ವಾಗಿಲ್ಲ ಬಿಡು, ಅಮ್ಮ ಹೇಗಿದ್ದಾರೆ?’ ಅಂತ ಬಂದ್ರೆ ನಿರಾಳ. ಬರೀ ‘ಸರಿ ಬಿಡು’ ಅಂತ ಬಂದ್ರೆ, ಬಹುಶಃ ಅವಳು ಆಗಲೇ ಮೆಟ್ರೋದಲ್ಲಿದ್ದಾಳೆ. ಅಮ್ಮನಿಗೆ ಮಾತ್ರೆ ಕೊಟ್ಟು ಒಂದು ಕಾಲ್ ಮಾಡಿ.