ಇಂಟರ್ನೆಟ್ ಓಡುತ್ತದೆ, ಕಾಪಿ ಯಾಕೆ ತೆವಳುತ್ತದೆ?

ಒಂದು ಮನೆಗೆ ಹೊಸದಾಗಿ ಫೈಬರ್ ಇಂಟರ್ನೆಟ್ ಬಂದಿದೆ ಎಂದುಕೊಳ್ಳಿ. ಅಕ್ಕ ಹಾಲ್‌ನಲ್ಲಿ ರೂಟರ್ ಪಕ್ಕದಲ್ಲೇ ನಿಂತು ಫೋನಿನಲ್ಲಿ ವೇಗ ಅಳೆದಳು. 200 Mbps ಬಂತು. ಎಲ್ಲರಿಗೂ ಖುಷಿ. ಆಮೇಲೆ ತಮ್ಮ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದ. ಶಾಲೆಯ ವಾರ್ಷಿಕೋತ್ಸವದ ವಿಡಿಯೊವನ್ನು ಮನೆಯ ಸ್ಟೋರೇಜ್ ಡ್ರೈವ್‌ಗೆ ಹಾಕಬೇಕಿತ್ತು. ಈ ಡ್ರೈವ್ ಎಂದರೆ ಒಳಗೆ ಹಾರ್ಡ್ ಡಿಸ್ಕ್ ಇರುವ ಚಿಕ್ಕ ಪೆಟ್ಟಿಗೆ. ಅದೂ ವೈಫೈಗೆ ಸೇರಿಕೊಂಡು, ಮನೆಯವರೆಲ್ಲರ ಫೋಟೊ, ವಿಡಿಯೊಗಳನ್ನು ಒಂದೇ ಕಡೆ ಕಾಯ್ದಿಡುತ್ತದೆ. ವಿಡಿಯೊದ ಗಾತ್ರ 4 GB. ಕಾಪಿ ಶುರುವಾದರೆ ಪರದೆಯ ಮೇಲೆ ಬರೀ 5 MB/s! ಮುಗಿಯಲು 13 ನಿಮಿಷಕ್ಕೂ ಹೆಚ್ಚು ಬೇಕು.

ತಮ್ಮ ಇಂಟರ್ನೆಟ್ ಕಂಪನಿಯವರನ್ನು ಬೈಯುವ ಮೊದಲು ಎರಡು ಅಳತೆಗಳನ್ನು ಸರಿಯಾಗಿ ಓದೋಣ. Mbpsನಲ್ಲಿರುವ ಚಿಕ್ಕ b ಬಿಟ್. MB/sನಲ್ಲಿರುವ ದೊಡ್ಡ B ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 200 Mbps ಎಂದರೆ ಸೆಕೆಂಡಿಗೆ 25 MB. ತಮ್ಮನಿಗೆ ಸಿಗುತ್ತಿರುವುದು 5. ಲೆಕ್ಕ ಸರಿಮಾಡಿಕೊಂಡರೂ ಐದು ಪಟ್ಟು ನಿಧಾನವೇ.

ಈಗ ಆ ವಿಡಿಯೊ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಿ. ಲ್ಯಾಪ್‌ಟಾಪಿನಿಂದ ರೂಟರ್‌ಗೆ, ರೂಟರ್‌ನಿಂದ ಡ್ರೈವ್‌ಗೆ. ಅಷ್ಟೇ. ಅದು ಮನೆಯ ಹೊಸ್ತಿಲು ದಾಟುವುದೇ ಇಲ್ಲ. ರಸ್ತೆ ಅಗೆಯುವವರು ಫೈಬರ್ ತುಂಡು ಮಾಡಿ ಇಡೀ ಬೀದಿಗೆ ಇಂಟರ್ನೆಟ್ ಇಲ್ಲದ ದಿನವೂ ಈ ಕಾಪಿ ನಡೆಯುತ್ತದೆ. ನಂಬಿಕೆ ಬರದಿದ್ದರೆ ಅಂಥ ದಿನ ಸಿಕ್ಕಾಗ ಮಾಡಿ ನೋಡಿ. (ಪರೀಕ್ಷೆಗೆಂದು ರೂಟರಿನ ಫೈಬರ್ ತಂತಿಯನ್ನು ಮಾತ್ರ ಕೀಳಬೇಡಿ. ಅದರೊಳಗಿರುವುದು ಕೂದಲಿನಂಥ ಗಾಜಿನ ಎಳೆ, ಜೋರಾಗಿ ಮಡಿಸಿದರೆ ಮುರಿದೇಹೋಗುತ್ತದೆ.) ತಿಂಗಳಿಗೆ ಇನ್ನಷ್ಟು ದುಡ್ಡು ಕೊಟ್ಟು 500 Mbps ಹಾಕಿಸಿಕೊಂಡರೂ ತಮ್ಮನ ಕಾಪಿ 13 ನಿಮಿಷವೇ ಹಿಡಿಯುತ್ತದೆ.

ಹಾಗಾದರೆ ತಡೆ ಇರುವುದು ಮನೆಯೊಳಗೆ. ವೈಫೈ ಎಂಬುದು ಒಂದು ತರಗತಿಯ ಹಾಗೆ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸದು, ಆದ್ದರಿಂದ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಅದರ ಮೇಲೆ ಇನ್ನೊಂದು ನಿಯಮ: ಪಕ್ಕದ ಬೆಂಚಿನ ಗೆಳತಿಗೂ ನೇರವಾಗಿ ಹೇಳುವಂತಿಲ್ಲ, ಟೀಚರ್‌ಗೆ ಹೇಳಬೇಕು, ಟೀಚರ್ ಅವಳಿಗೆ ಹೇಳುತ್ತಾರೆ. ಇಲ್ಲಿ ಟೀಚರ್ ಎಂದರೆ ರೂಟರ್. ಲ್ಯಾಪ್‌ಟಾಪ್ ವಿಡಿಯೊದ ಒಂದು ತುಣುಕನ್ನು ರೂಟರ್‌ಗೆ ಕಳಿಸುವಾಗ ಡ್ರೈವ್ ಸುಮ್ಮನಿರಬೇಕು. ಅದೇ ತುಣುಕನ್ನು ರೂಟರ್ ಡ್ರೈವ್‌ಗೆ ಕಳಿಸುವಾಗ ಲ್ಯಾಪ್‌ಟಾಪ್ ಕಾಯಬೇಕು. ಒಂದೇ ವಿಡಿಯೊ ಎರಡು ಸಲ ರೇಡಿಯೊ ಅಲೆಯಾಗಿ ಮನೆಯಲ್ಲಿ ಹರಿದಾಡಿತು! ವೇಗ ಅರ್ಧವಾಗದೆ ಇನ್ನೇನಾಗುತ್ತದೆ?

ಅದಲ್ಲದೆ ಪ್ರತಿ ಸಲ ಕಳಿಸಿದ ಮೇಲೂ ಆ ಕಡೆಯಿಂದ ‘ಬಂತು’ ಎಂಬ ಪುಟ್ಟ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಕಳಿಸಬೇಕು. ಮಾತಾಡುವ ಮುನ್ನ ಬೇರೆ ಯಾರೂ ಮಾತಾಡುತ್ತಿಲ್ಲವೇ ಎಂದು ಕ್ಷಣ ಹೊತ್ತು ಕಿವಿಗೊಡಬೇಕು. ಪಕ್ಕದ ಮನೆಯ ವೈಫೈ ಕೂಡ ಅದೇ ಚಾನೆಲ್‌ನಲ್ಲಿದ್ದರೆ ಅದಕ್ಕೂ ಸರದಿ ಬಿಡಬೇಕು. ಈ ಕಾಯುವಿಕೆಗೇ ಸುಮಾರು ಅರ್ಧ ಸಮಯ ಹೋಗುತ್ತದೆ.

ತಮ್ಮನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿದ:

```
netsh wlan show interfaces
```

Transmit rate ಎಂಬಲ್ಲಿ 144 ಇತ್ತು, Channel ಎಂಬಲ್ಲಿ 6. ವೈಫೈ ವೇಗ ಎಷ್ಟು, ಅಲೆ ಯಾವ ಪಟ್ಟಿಯದ್ದು ಎಂಬ ಎರಡನ್ನೂ ಇದು ಹೇಳಿಬಿಟ್ಟಿತು. 1ರಿಂದ 13ರವರೆಗಿನ ಚಾನೆಲ್ ಎಂದರೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಪಟ್ಟಿ. 36 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ 5 ಗಿಗಾಹರ್ಟ್ಸ್. 144 Mbpsನಲ್ಲಿ ಕಾಯುವಿಕೆ ಕಳೆದು ಉಳಿಯುವುದು 80ರ ಆಸುಪಾಸು. ಎರಡು ಸಲ ಹಾಯಬೇಕಾದ್ದರಿಂದ 40. ಅದನ್ನು ಎಂಟರಿಂದ ಭಾಗಿಸಿ: 5 MB/s. ಪರದೆಯ ಮೇಲೆ ಇದ್ದದ್ದೂ ಅದೇ.

ಮೊದಲ ಮದ್ದು ತುಂಬ ಸುಲಭ. ಡ್ರೈವನ್ನು ಹಾಲ್‌ಗೆ ತಂದು ರೂಟರ್ ಪಕ್ಕದಲ್ಲಿಟ್ಟು, ಮೂಲೆಯಲ್ಲಿ ಬಿದ್ದಿದ್ದ ಹಳೆಯ ನೆಟ್‌ವರ್ಕ್ ಕೇಬಲ್ಲಿನಿಂದ ರೂಟರ್‌ಗೆ ಜೋಡಿಸಿದರು. ಈಗ ಎರಡನೆಯ ಅರ್ಧ ದಾರಿ ತಂತಿಯದ್ದು. ವಿಡಿಯೊ ಒಂದೇ ಸಲ ವೈಫೈನಲ್ಲಿ ಹೋದರೆ ಸಾಕು. ವೇಗ 10 MB/s ಆಯಿತು, ಸಮಯ 7 ನಿಮಿಷದೊಳಕ್ಕೆ ಇಳಿಯಿತು.

ಮುಂದಿನದು ಅಲೆಗಳ ವಿಷಯ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್ ಅಲೆಯದ್ದು ಅದರ ಅರ್ಧದಷ್ಟು. ಗೋಡೆಗಳು ಈ ಗಿಡ್ಡ ಅಲೆಯನ್ನು ಹೆಚ್ಚು ಹೀರಿಕೊಳ್ಳುತ್ತವೆ, ಆದ್ದರಿಂದ ದೂರದ ಕೋಣೆಗೆ ಅದು ಸೊರಗಿ ತಲುಪುತ್ತದೆ. ಅದಕ್ಕೇ ತಮ್ಮನ ಲ್ಯಾಪ್‌ಟಾಪ್ ತಾನಾಗಿಯೇ 2.4 ಅನ್ನು ಆರಿಸಿಕೊಂಡಿತ್ತು. ಆದರೆ 5ರಲ್ಲಿ ಜಾಗ ಧಾರಾಳ, ನಾಲ್ಕು ಪಟ್ಟು ಅಗಲದ ಚಾನೆಲ್ ಬಳಸಬಹುದು. ಅಲ್ಲದೆ ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45ರಲ್ಲಿ. ಅಮ್ಮ ಸಾರು ಬಿಸಿ ಮಾಡುವಾಗ ಒಳಕೋಣೆಯ ವೈಫೈ ಮುಗ್ಗರಿಸಿದರೆ ಆಶ್ಚರ್ಯಪಡಬೇಡಿ. ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಬಂದು 5 ಗಿಗಾಹರ್ಟ್ಸ್‌ನ ವೈಫೈ ಹೆಸರಿಗೆ ಸೇರಿಸಿದ. Transmit rate 866ಕ್ಕೆ ಏರಿತು. ಇನ್ನು 50 MB/s ಆದರೂ ಬರಬೇಕು ಎಂದು ಲೆಕ್ಕ ಹಾಕಿದ.

ಬಂದದ್ದು 11.

ನನಗೆ ಈ ಇಡೀ ಕತೆಯಲ್ಲಿ ಇಷ್ಟವಾಗುವ ಜಾಗ ಇದೇ, ಏಕೆಂದರೆ ಆ 11 ಸುಳಿವು ಕೊಡುವ ಸಂಖ್ಯೆ. ವೈಫೈ ತಡೆಯುತ್ತಿದ್ದರೆ ವೇಗ ಏರಿಳಿಯುತ್ತದೆ: 9, 14, 7, 12, ಹೀಗೆ. ತಮ್ಮನ ಪರದೆಯ ಗ್ರಾಫ್ ಮಾತ್ರ ಸ್ಕೇಲ್ ಇಟ್ಟು ಎಳೆದಂತೆ ನೇರವಾಗಿತ್ತು. 100 Mbpsನ ತಂತಿಯಲ್ಲಿ ಲೆಕ್ಕಕ್ಕೆ 12.5 MB/s ಹೋಗಬಹುದು. ವಿಳಾಸ ಮುಂತಾದವುಗಳ ಖರ್ಚು ಕಳೆದರೆ ಕೈಗೆ ಸಿಗುವುದು 11, ಹೆಚ್ಚೆಂದರೆ 12. ಅಂದರೆ ಈಗ ತಡೆಯುತ್ತಿರುವುದು ಆ ಹಳೆಯ ಕೇಬಲ್! ಅದರೊಳಗೆ ಎಂಟು ಸಣ್ಣ ತಂತಿಗಳಿರುತ್ತವೆ. 100 Mbpsಗೆ ನಾಲ್ಕೇ ಸಾಕು, 1000 Mbpsಗೆ ಎಂಟೂ ಬೇಕು. ಒಂದು ಎಳೆ ಕೈಕೊಟ್ಟರೆ ಅನೇಕ ಸಾಧನಗಳು ಏನೂ ಹೇಳದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಡ್ರೈವಿನ ಸೆಟ್ಟಿಂಗ್ಸ್ ಪುಟದಲ್ಲಿ ನೋಡಿದಾಗ ಸಂಪರ್ಕದ ವೇಗ 100 ಎಂದೇ ಇತ್ತು. ಹೊಸ ಕೇಬಲ್ ಹಾಕಿದರು, 1000 ಆಯಿತು. ಕಾಪಿ 50 MB/s ಮುಟ್ಟಿತು. ವಿಡಿಯೊ 80 ಸೆಕೆಂಡಿನಲ್ಲಿ ಮುಗಿಯಿತು.

ಕೇಬಲ್ ಬದಲಿಸಿದರೂ 11ರಲ್ಲೇ ನಿಂತರೆ ರೂಟರ್‌ನ ಪೋರ್ಟೇ 100 Mbpsನದ್ದಾಗಿರಬಹುದು. ಅಗ್ಗದ ರೂಟರ್‌ಗಳಲ್ಲಿ ಹೀಗಿರುತ್ತದೆ, ಅದಕ್ಕೆ ಬೇರೆ ಮದ್ದಿಲ್ಲ, ರೂಟರ್ ಬದಲಿಸಬೇಕು.

ನಿಮ್ಮ ಮನೆಯಲ್ಲಿ ಅಳೆಯುವಾಗ ಒಂದೇ ದೊಡ್ಡ ಫೈಲ್ ಇಟ್ಟುಕೊಳ್ಳಿ. ಸಾವಿರಾರು ಪುಟ್ಟ ಫೋಟೊಗಳನ್ನು ಕಾಪಿ ಮಾಡಿದರೆ ಪ್ರತಿಯೊಂದಕ್ಕೂ ಹೆಸರು ಬರೆದು, ತೆರೆದು, ಮುಚ್ಚುವ ಮಾತುಕತೆ ನಡೆಯುತ್ತದೆ. ಆಗ ಒಳ್ಳೆಯ ಕೇಬಲ್, ಒಳ್ಳೆಯ ವೈಫೈ ಎರಡೂ ಇದ್ದರೂ ವೇಗ ಕಡಿಮೆಯೇ ಕಾಣುತ್ತದೆ.